ಮೊದಲು ಪ್ರಶ್ನೆ, ಆಮೇಲೆ ಚಾರ್ಟ್

ಚಟ್ನಿಪುಡಿ ಮಾರುವ ಗೆಳತಿಯೊಬ್ಬಳಿಗೆ ಡ್ಯಾಶ್‌ಬೋರ್ಡ್ ಮಾಡಿಕೊಟ್ಟೆ. ಅವಳ ಎಕ್ಸೆಲ್‌ನಲ್ಲಿ ಒಂದೇ ಪುಡಿ ‘ಶೇಂಗಾ ಪುಡಿ’, ‘ಶೇಂಗಾ ಚಟ್ನಿ’ ಎಂದು ಎರಡು ಹೆಸರಲ್ಲಿತ್ತು. ಅದನ್ನು ಒಂದಾಗಿಸಿ, ಎರಡು ಸಲ ಬರೆದಿದ್ದ ಬಿಲ್ಲುಗಳನ್ನು ತೆಗೆದೆ.

ಅವಳ ಮೊದಲ ಪ್ರಶ್ನೆ: ಯಾವ ಪುಡಿ ಹೆಚ್ಚು ಹೋಗುತ್ತದೆ? ನಾನು ಪೈ ಚಾರ್ಟ್ ಹಾಕಿದೆ. ಒಂಬತ್ತು ಹೋಳುಗಳಲ್ಲಿ ಅಗಸಿಯದು ದೊಡ್ಡದೋ ಶೇಂಗಾದ್ದೋ ತಿಳಿಯಲೇ ಇಲ್ಲ. ಹೆಚ್ಚಿನದರಿಂದ ಕಡಿಮೆಗೆ ಜೋಡಿಸಿ ಬಾರ್ ಚಾರ್ಟ್ ಮಾಡಿದೆ. ಅಳತೆಯನ್ನು ಸೊನ್ನೆಯಿಂದಲೇ ಶುರುಮಾಡಿದೆ. ಇಲ್ಲದಿದ್ದರೆ ಸಣ್ಣ ವ್ಯತ್ಯಾಸವೂ ದೊಡ್ಡದಾಗಿ ಕಾಣುತ್ತದೆ. ಉತ್ತರ ಒಂದೇ ನೋಟಕ್ಕೆ ಸಿಕ್ಕಿತು.

ಎರಡನೆಯದು: ವ್ಯಾಪಾರ ಏರುತ್ತಿದೆಯೋ, ಇಳಿಯುತ್ತಿದೆಯೋ? ತಿಂಗಳಿಂದ ತಿಂಗಳಿಗೆ ಆಗುವ ಬದಲಾವಣೆಗೆ ಲೈನ್ ಚಾರ್ಟ್ ಸರಿ. ಆದರೆ ಕೊನೆಯ ತಿಂಗಳಲ್ಲಿ ಗೆರೆ ಅರ್ಧಕ್ಕೆ ಕುಸಿದಿತ್ತು. ಗಾಬರಿಯಾದ ಅವಳು ಸಹಾಯಕಿಯನ್ನು ಬಿಡಿಸುವ ಮಾತೆತ್ತಿದಳು. ನೋಡಿದರೆ ಅಂದು ತಾರೀಖು 14, ತಿಂಗಳೇ ಮುಗಿದಿರಲಿಲ್ಲ! ತಪ್ಪು ನನ್ನದೇ. ಗೆರೆಯಲ್ಲಿ ಮುಗಿದ ತಿಂಗಳುಗಳನ್ನಷ್ಟೇ ಉಳಿಸಿದೆ. ಈ ತಿಂಗಳ 14 ದಿನಗಳನ್ನು ಹಿಂದಿನ ತಿಂಗಳ ಮೊದಲ 14 ದಿನಗಳ ಪಕ್ಕದಲ್ಲಿ ಎರಡು ಬಾರ್‌ಗಳಾಗಿ ಇಟ್ಟೆ. ಎರಡೂ ಹೆಚ್ಚುಕಡಿಮೆ ಸಮವಾಗಿದ್ದವು. ಸಹಾಯಕಿಯ ಕೆಲಸ ಉಳಿಯಿತು.

ಈಗ ಅಲ್ಲಿ ಪ್ರತಿ ಚಾರ್ಟಿನ ತಲೆಬರಹ ಅವಳ ಒಂದೊಂದು ಪ್ರಶ್ನೆ. ಕೆಳಗೆ ‘ಯಾವ ತಾರೀಖಿನವರೆಗೆ’ ಎಂಬ ಸಾಲು.