ಮಳೆಗಾಲಕ್ಕೆ ಮುನ್ನ ಶೀತಲೀಕರಣ ಘಟಕ: ಕೆಲಸದ ಜಾಲಚಿತ್ರ ಮತ್ತು ಬಿಡುವಿನ ಲೆಕ್ಕ

(ಪುತ್ತೂರು, ಸುಳ್ಯ ಮತ್ತು ಕಡಬ ಭಾಗದ ಹಾಲು ಉತ್ಪಾದಕರ ಸಹಕಾರ ಸಂಘಗಳ ಅಧ್ಯಕ್ಷರು ಹಾಗೂ ಕಾರ್ಯದರ್ಶಿಗಳಿಗೆ ನೀಡಿದ ಉಪನ್ಯಾಸ)



ಸಂಘದಲ್ಲಿ ಬಲ್ಕ್ ಮಿಲ್ಕ್ ಕೂಲರ್ ಕೂರಿಸಬೇಕು ಎಂಬ ನಿರ್ಣಯ ಮಾಡುವುದು ಸುಲಭ. ಅದನ್ನು ಪತ್ತನಾಜೆಯೊಳಗೆ ಮುಗಿಸುವುದು ಕಷ್ಟ. ಮೇ 24ರ ಹೊತ್ತಿಗೆ ಪತ್ತನಾಜೆ ಬರುತ್ತದೆ, ಅದರ ಬೆನ್ನಿಗೇ ಮಳೆ. ಮಳೆ ಹಿಡಿದ ಮೇಲೆ ಅಡಿಪಾಯದ ಹೊಂಡದಲ್ಲಿ ನೀರು ನಿಲ್ಲುತ್ತದೆ. ಕೂಲರ್ ಹೊತ್ತ ಲಾರಿ ಮಣ್ಣಿನ ದಾರಿಯಲ್ಲಿ ಹೂತುಹೋಗುತ್ತದೆ. ಕೆಲಸ ಅಲ್ಲಿಗೆ ನಿಂತರೆ ಮತ್ತೆ ಹಿಡಿಯುವುದು ದೀಪಾವಳಿ ಹೊತ್ತಿಗೆ. ಅಷ್ಟು ತಿಂಗಳೂ ಹಾಲು ಕ್ಯಾನಿನಲ್ಲೇ ಹೋಗಬೇಕು. ಲಾರಿ ತಡವಾದ ದಿನ ಹುಳಿಯಾದ ಹಾಲಿನ ನಷ್ಟ ಸದಸ್ಯನ ಮನೆ ಬಾಗಿಲಿಗೆ ಬರುತ್ತದೆ.

ಯಾವ ಕೆಲಸ ಒಂದು ದಿನ ತಡವಾದರೂ ಇಡೀ ಘಟಕ ತಡವಾಗುತ್ತದೆ, ಯಾವ ಕೆಲಸ ಹತ್ತು ದಿನ ತಡವಾದರೂ ತೊಂದರೆಯಿಲ್ಲ ಎಂಬುದನ್ನು ಮೊದಲೇ ಲೆಕ್ಕ ಹಾಕಿ ತಿಳಿಯಬಹುದು. ಈ ಲೆಕ್ಕಕ್ಕೆ ಕ್ರಿಟಿಕಲ್ ಪಾತ್ ಮೆಥಡ್ ಎಂದು ಹೆಸರು. ನಾವು ನಿರ್ಣಾಯಕ ಹಾದಿಯ ವಿಧಾನ ಎನ್ನೋಣ. ಅಮೆರಿಕದ ಡುಪಾಂಟ್ ರಾಸಾಯನಿಕ ಕಂಪೆನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪೆನಿಯ ಜೇಮ್ಸ್ ಕೆಲ್ಲಿ 1957ರ ಸುಮಾರಿಗೆ ಕಾರ್ಖಾನೆ ಕಟ್ಟುವ ಕೆಲಸಕ್ಕಾಗಿ ಇದನ್ನು ರೂಪಿಸಿದರು. ಅವರು ಕಂಪ್ಯೂಟರ್ ಬಳಸಿದರು. ನಮಗೆ ಕೂಡುವುದು, ಕಳೆಯುವುದು ಬಂದರೆ ಸಾಕು.

ಮೊದಲು ಪಟ್ಟಿ, ಆಮೇಲೆ ಬಾಣ

ಒಂದು ಸಂಘವನ್ನು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಇಲ್ಲಿನ ದಿನಗಳು ನಾನು ಇಟ್ಟುಕೊಂಡವು. ನಿಮ್ಮ ಮೇಸ್ತ್ರಿಯನ್ನೂ ಕೂಲರ್ ಕೊಡುವವರನ್ನೂ ಕೇಳಿ ನಿಮ್ಮ ದಿನಗಳನ್ನು ಬರೆದುಕೊಳ್ಳಿ. ಕೆಲಸಗಳು ಎಂಟು.

ಕ: ಜಾಗ ಗುರುತಿಸಿ, ನಕ್ಷೆ ಮತ್ತು ಅಂದಾಜುಪಟ್ಟಿಗೆ ಆಡಳಿತ ಮಂಡಳಿಯ ಒಪ್ಪಿಗೆ, 5 ದಿನ.
ಗ: ಅಡಿಪಾಯ ಮತ್ತು ಕೆಂಪು ಕಲ್ಲಿನ ಗೋಡೆ, 20 ದಿನ. ಕ ಮುಗಿದ ಮೇಲೆ.
ಚ: ತಾರಸಿ, 18 ದಿನ. ಗ ಮುಗಿದ ಮೇಲೆ. ಸೆಂಟ್ರಿಂಗ್ ಕಟ್ಟಿ ಕಾಂಕ್ರೀಟು ಹಾಕಲು 4, ನೀರುಣಿಸಿ ಆಧಾರದ ಕಂಬ ತೆಗೆಯುವವರೆಗೆ 14.
ಜ: ನೆಲ, ಟೈಲ್ಸ್, ತೊಳೆದ ನೀರಿನ ಚರಂಡಿ, 7 ದಿನ. ಚ ಮುಗಿದ ಮೇಲೆ.
ಟ: ಕೂಲರ್ ಖರೀದಿ ಆದೇಶದಿಂದ ಸಂಘದ ಅಂಗಳಕ್ಕೆ ಬರುವವರೆಗೆ, 35 ದಿನ. ಕ ಮುಗಿದ ಮೇಲೆ.
ಡ: ಮೆಸ್ಕಾಂನಿಂದ ತ್ರೀ ಫೇಸ್ ಸಂಪರ್ಕ, 30 ದಿನ. ಕ ಮುಗಿದ ಮೇಲೆ.
ತ: ಕೂಲರ್ ಕೂರಿಸಿ ಜೋಡಿಸುವುದು, 5 ದಿನ. ಜ ಮತ್ತು ಟ ಎರಡೂ ಮುಗಿದ ಮೇಲೆ.
ದ: ವಿದ್ಯುತ್ ಕೊಟ್ಟು ಹಾಲನ್ನು 4 ಡಿಗ್ರಿಗೆ ತಂಪು ಮಾಡುವ ಪರೀಕ್ಷೆ, 4 ದಿನ. ತ ಮತ್ತು ಡ ಎರಡೂ ಮುಗಿದ ಮೇಲೆ.

ಈ "ಮುಗಿದ ಮೇಲೆ" ಎಂಬುದನ್ನೆಲ್ಲ ಬಾಣವಾಗಿ ಬರೆದರೆ ಜಾಲಚಿತ್ರ ಸಿದ್ಧ. ಆವರಣದಲ್ಲಿರುವುದು ದಿನ.

```
       ┌→ ಗ(20) → ಚ(18) → ಜ(7) ─┐
ಕ(5) ──┼→ ಟ(35) ────────────────┴→ ತ(5) ─┐
       └→ ಡ(30) ─────────────────────────┴→ ದ(4)
```

ಮುಂದಕ್ಕೆ ಕೂಡುವುದು

ಎಡದಿಂದ ಬಲಕ್ಕೆ ಕೂಡುತ್ತ ಹೋಗಿ. ಕ 5ನೇ ದಿನಕ್ಕೆ ಮುಗಿಯುತ್ತದೆ. ಗ 25ಕ್ಕೆ, ಚ 43ಕ್ಕೆ, ಜ 50ಕ್ಕೆ ಮುಗಿಯುತ್ತವೆ. ಟ 40ಕ್ಕೆ, ಡ 35ಕ್ಕೆ ಮುಗಿಯುತ್ತವೆ. ಈಗ ತ ಎಂದು ಆರಂಭ? ಕೂಲರ್ 40ಕ್ಕೇ ಬಂದರೂ ನೆಲ ಸಿದ್ಧವಾಗುವುದು 50ಕ್ಕೆ. ಎರಡು ಬಾಣ ಸೇರುವಲ್ಲಿ ದೊಡ್ಡ ಸಂಖ್ಯೆಯನ್ನೇ ತೆಗೆದುಕೊಳ್ಳಬೇಕು. ಆದ್ದರಿಂದ ತ 50ರಿಂದ 55, ದ 55ರಿಂದ 59. ಎಂಟೂ ಕೆಲಸಗಳ ದಿನ ಕೂಡಿದರೆ 124 ಆಗುತ್ತದೆ. ಆದರೆ ಘಟಕಕ್ಕೆ ಬೇಕಾದ್ದು 59 ದಿನ.

ಹಿಂದಕ್ಕೆ ಕಳೆಯುವುದು

ಇನ್ನು ಬಲದಿಂದ ಎಡಕ್ಕೆ. 59ಕ್ಕೆ ಮುಗಿಯಬೇಕಾದರೆ ದ 55ಕ್ಕೆ ಶುರುವಾಗಲೇಬೇಕು. ಹಾಗಾದರೆ ತ ಮತ್ತು ಡ ಎರಡೂ 55ರೊಳಗೆ ಮುಗಿದರೆ ಸಾಕು. ಡಕ್ಕೆ 30 ದಿನ ಕಳೆದರೆ 25. ಅದು ತಡವೆಂದರೆ 25ಕ್ಕೆ ಶುರುವಾಗಬಹುದು. ತ 50ಕ್ಕೆ ಶುರುವಾಗಬೇಕು. ಆದ್ದರಿಂದ ಟ 50ರೊಳಗೆ ಮುಗಿದರೆ ಸಾಕು, 15ಕ್ಕೆ ಶುರುವಾದರೂ ಆಯಿತು. ಹಿಂದಕ್ಕೆ ಬರುವಾಗ ಒಂದು ಕೆಲಸದಿಂದ ಹಲವು ಬಾಣ ಹೊರಟಿದ್ದರೆ ಚಿಕ್ಕ ಸಂಖ್ಯೆಯನ್ನು ಹಿಡಿಯಬೇಕು. ಕದಿಂದ ಹೊರಟ ಮೂರು ಬಾಣಗಳಲ್ಲಿ 5, 15, 25 ಇವೆ. ಕ 5ಕ್ಕೇ ಮುಗಿಯಬೇಕು.

ತಡದ ಆರಂಭದಿಂದ ಬೇಗದ ಆರಂಭವನ್ನು ಕಳೆದರೆ ಉಳಿಯುವುದೇ ಆ ಕೆಲಸದ ಬಿಡುವು. ಇಂಗ್ಲಿಷಿನಲ್ಲಿ ಇದಕ್ಕೆ ಫ್ಲೋಟ್ ಎನ್ನುತ್ತಾರೆ.

| ಕೆಲಸ | ದಿನ | ಬೇಗದ ಆರಂಭ | ತಡದ ಆರಂಭ | ಬಿಡುವು |
|---|---|---|---|---|
| ಕ | 5 | 0 | 0 | 0 |
| ಗ | 20 | 5 | 5 | 0 |
| ಚ | 18 | 25 | 25 | 0 |
| ಜ | 7 | 43 | 43 | 0 |
| ಟ | 35 | 5 | 15 | 10 |
| ಡ | 30 | 5 | 25 | 20 |
| ತ | 5 | 50 | 50 | 0 |
| ದ | 4 | 55 | 55 | 0 |

ಬಿಡುವು ಸೊನ್ನೆಯಾದ ಕೆಲಸಗಳ ಸಾಲು ಕ, ಗ, ಚ, ಜ, ತ, ದ. ಇದೇ ನಿರ್ಣಾಯಕ ಹಾದಿ. ನಮ್ಮ ಸಭೆಗಳಲ್ಲಿ ಹೆಚ್ಚು ಮಾತು ನಡೆಯುವುದು ಕೂಲರ್ ಬಗ್ಗೆ ಮತ್ತು ಕರೆಂಟಿನ ಬಗ್ಗೆ. ಲೆಕ್ಕ ನೋಡಿದರೆ ಈ ಉದಾಹರಣೆಯಲ್ಲಿ ದಿನವನ್ನು ಹಿಡಿದಿಟ್ಟಿರುವುದು ಕಲ್ಲು ಕಟ್ಟುವ ಕೆಲಸ.

ಪಂಚಾಂಗದ ಮೇಲೆ ಇಟ್ಟು ನೋಡಿ

ಮೇ 24 ನಮ್ಮ 59ನೇ ದಿನ ಎಂದಾದರೆ ಮೊದಲ ದಿನ ಮಾರ್ಚ್ 27. ಕೂಲರ್ ಆದೇಶಕ್ಕೆ ಕಡೆಯ ದಿನ ಏಪ್ರಿಲ್ 11. ವಿದ್ಯುತ್ ಕೆಲಸ ಆರಂಭಕ್ಕೆ ಕಡೆಯ ದಿನ ಏಪ್ರಿಲ್ 21. ಗೋಡೆಯ ಕೆಲಸ ಏಪ್ರಿಲ್ 1ರಿಂದ 20.

ಈ ಕಡೆಯ ಸಾಲನ್ನು ಇನ್ನೊಮ್ಮೆ ಓದಿ. ಏಪ್ರಿಲ್ 10ಕ್ಕೆ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಗೆ ಕೊಡಿ ಏರುತ್ತದೆ, ನಡುವೆ ಬಿಸು, 17ಕ್ಕೆ ಬ್ರಹ್ಮರಥೋತ್ಸವ. ಆ ದಿನಗಳಲ್ಲಿ ಕೆಲಸದವರು ನಾಲ್ಕು ದಿನ ಬಾರದಿದ್ದರೆ, ಗೋಡೆಗೆ ಬಿಡುವು ಇಲ್ಲದ ಕಾರಣ ಘಟಕ ಮೇ 28ಕ್ಕೆ ಜಾರುತ್ತದೆ. ಅದೇ ನಾಲ್ಕು ದಿನ ಕರೆಂಟಿನ ಕೆಲಸದಲ್ಲಿ ಹೋದರೆ ಏನೂ ಆಗುವುದಿಲ್ಲ. ಆದ್ದರಿಂದ ಜಾತ್ರೆಯ ದಿನಗಳನ್ನು ಗೋಡೆಯ 20ರೊಳಗೆ ಮೊದಲೇ ಸೇರಿಸಿ, ಆರಂಭವನ್ನು ಅಷ್ಟು ಹಿಂದಕ್ಕೆ ತನ್ನಿ.

ಕೂಲಿ ಹೆಚ್ಚಿಸಿದರೆ ಎಷ್ಟು ದಿನ ಉಳಿಯುತ್ತದೆ?

ಇನ್ನೊಂದು ತಂಡ ಕಲ್ಲು ಕೆಲಸದವರನ್ನು ಹಾಕಿ ಗೋಡೆಯನ್ನು 20ರ ಬದಲು 12 ದಿನಕ್ಕೆ ಮುಗಿಸಿದಿರಿ ಎನ್ನಿ. ನೆಲ 42ಕ್ಕೆ ಸಿದ್ಧವಾಗುತ್ತದೆ, ಘಟಕ 51ಕ್ಕೆ ಮುಗಿಯುತ್ತದೆ. ಎಂಟು ದಿನದ ಹಣಕ್ಕೆ ಎಂಟು ದಿನ ಸಿಕ್ಕಿತು. ಇದೇ ಉಮೇದಿನಲ್ಲಿ ಇನ್ನೂ ನಾಲ್ಕು ದಿನ ಉಳಿಸಲು ಖರ್ಚು ಮಾಡಿದರೆ ಸಿಗುವುದು ಎರಡೇ ದಿನ. ಯಾಕೆಂದರೆ ನೆಲ 38ಕ್ಕೆ ಸಿದ್ಧವಾದರೂ ಕೂಲರ್ ಬರುವುದು 40ಕ್ಕೆ. ನಿರ್ಣಾಯಕ ಹಾದಿ ಗೋಡೆಯಿಂದ ಕೂಲರ್ ಕಡೆಗೆ ಹೊರಳಿತು. ಪ್ರತಿ ಬದಲಾವಣೆಯ ನಂತರ ಹೊಸದಾಗಿ ಕೂಡಿ ನೋಡಬೇಕು ಎನ್ನುವುದು ಇದಕ್ಕೇ.

ತಾರಸಿಯ 14 ದಿನವನ್ನು ಮಾತ್ರ ಮುಟ್ಟಬೇಡಿ. ಎಷ್ಟು ಜನ ಕೂಲಿಯಾಳು ಹಾಕಿದರೂ ಕಾಂಕ್ರೀಟು ತನ್ನ ಹೊತ್ತಿನಲ್ಲೇ ಗಟ್ಟಿಯಾಗುತ್ತದೆ.

ಎಲ್ಲಿ ತಪ್ಪುತ್ತದೆ

ಮೊದಲನೆಯದು, ಬಿಡುವನ್ನು ಎರಡು ಸಲ ಖರ್ಚು ಮಾಡುವುದು. ಟ ಎಂಬ ಕೆಲಸದೊಳಗೆ ಎರಡು ತುಂಡುಗಳಿವೆ: ದರಪಟ್ಟಿ ತರಿಸಿ ಮುಂಗಡ ಕೊಡಲು 10 ದಿನ, ತಯಾರಾಗಿ ಬರಲು 25. ಬಿಡುವಿನ 10 ದಿನ ಎರಡಕ್ಕೂ ಸೇರಿ ಇರುವುದು. ಮುಂಗಡ ಕೊಡುವವರು "ನಮಗೆ ಹತ್ತು ದಿನ ಬಿಡುವಿದೆ" ಎಂದು ಅದನ್ನೆಲ್ಲ ಮುಗಿಸಿದರೆ, ಕೂಲರ್ ತರುವವರಿಗೆ ಒಂದು ದಿನವೂ ಉಳಿಯದು. ಆಮೇಲೆ ಲಾರಿ ಇನ್ನೂ ನಾಲ್ಕು ದಿನ ತಡವಾದರೆ ಘಟಕವೂ ನಾಲ್ಕು ದಿನ ತಡ, 63ಕ್ಕೆ ಮುಕ್ತಾಯ. ಆದ್ದರಿಂದ ಬಿಡುವಿನ ಲೆಕ್ಕ ಕಾರ್ಯದರ್ಶಿಯ ಪುಸ್ತಕದಲ್ಲಿರಲಿ. ಕೆಲಸದವರಿಗೆ ಬೇಗದ ದಿನವನ್ನೇ ಹೇಳಿ.

ಎರಡನೆಯದು, ಬಾಣ ಬಿಟ್ಟುಹೋಗುವುದು. ನಮ್ಮ ಚಿತ್ರದಲ್ಲಿ ಕೂಲರಿಗೂ ಗೋಡೆಗೂ ಸಂಬಂಧವೇ ಕಾಣುವುದಿಲ್ಲ. ಆದರೆ ಬಾಗಿಲಿಗಿಂತ ಕೂಲರ್ ಅಗಲವಾಗಿದ್ದರೆ? ಕಟ್ಟಿದ ಗೋಡೆ ಒಡೆಯಬೇಕು. ಯಾವ ಅಳತೆಯ ಕೂಲರ್ ಎಂದು ನಿಶ್ಚಯಿಸಿ, ಅದರ ಉದ್ದ, ಅಗಲ, ಎತ್ತರದ ಕಾಗದವನ್ನು ಕ ಎಂಬ ಮೊದಲ ಕೆಲಸದಲ್ಲೇ ತರಿಸಿಕೊಳ್ಳಿ. ಬಿಟ್ಟುಹೋದ ಬಾಣ ಹುಡುಕಲು ದಾರಿ ಒಂದೇ: ಪ್ರತಿ ಕೆಲಸದ ಮುಂದೆ ನಿಂತು, ಇದನ್ನು ನಾಳೆಯೇ ಶುರು ಮಾಡೆಂದರೆ ಏನು ಬೇಕಾಗುತ್ತದೆ ಎಂದು ಮೇಸ್ತ್ರಿಯನ್ನೇ ಕೇಳುವುದು.

ಮೂರನೆಯದು, ಆಳುಗಳ ಲೆಕ್ಕ. ಗ ಮತ್ತು ಡ ಜೊತೆಯಲ್ಲಿ ನಡೆಯುತ್ತವೆ ಎಂದು ಚಿತ್ರ ಹೇಳುತ್ತದೆ. ಅಡಿಪಾಯ ತೋಡುವ ಆಳುಗಳನ್ನೇ ಕಂಬದ ಹೊಂಡ ತೋಡಲೂ ಕಳಿಸಿದರೆ ಅವು ಜೊತೆಯಲ್ಲಿ ನಡೆಯವು. ಆಗ ಮೊದಲು ಅಡಿಪಾಯ. ಕಂಬಕ್ಕೆ 20 ದಿನ ಬಿಡುವಿದೆ.

ವಾರಕ್ಕೊಮ್ಮೆ ಈ ಚಿತ್ರವನ್ನು ಮೇಜಿನ ಮೇಲೆ ಹರಡಿ, ಪ್ರತಿ ಕೆಲಸಕ್ಕೆ ಇನ್ನೆಷ್ಟು ದಿನ ಬೇಕು ಎಂದು ಕೇಳಿ ಬರೆದುಕೊಳ್ಳಿ. "ಮುಕ್ಕಾಲು ಮುಗಿದಿದೆ" ಎಂಬ ಉತ್ತರ ಲೆಕ್ಕಕ್ಕೆ ಬಾರದು. "ಇನ್ನು ಆರು ದಿನ" ಎಂಬುದು ಬರುತ್ತದೆ. ಬಿಡುವು ಐದು ದಿನಕ್ಕಿಂತ ಕೆಳಗಿಳಿದ ಕೆಲಸದ ಸುತ್ತ ಕೆಂಪು ಶಾಯಿಯ ಗೆರೆ ಎಳೆದು, ಆ ವಾರ ಅದರ ಬಗ್ಗೆ ಮಾತ್ರ ಓಡಾಡಿ.