ಎಲೆಯ ಹೆಸರಲ್ಲಿ ಬಚಾವಾದ ಅಡಿಕೆ

ಮೊದಲು ಒಂದು ಸಣ್ಣ ಕೆಲಸ ಮಾಡಿ. ಕೂತಲ್ಲೇ ಬಾಯಿ ಪೂರ್ತಿ ತೆಗೆಯಿರಿ. ನಿಮ್ಮದೇ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರೋ ಹಾಗೆ ಹಿಡಿದು, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ತೂರಿಸಿ ನೋಡಿ. ಮೂರೂ ಹೋಯ್ತಾ? ಸಂತೋಷ. ಎರಡೇ ಹೋಯ್ತು ಅನ್ನೋರು ಮಾತ್ರ ದಯವಿಟ್ಟು ಚಾನೆಲ್ ಬದಲಾಯಿಸಬೇಡಿ.

ಈ ಲೆಕ್ಕ ನನಗೆ ಗೊತ್ತಾಗಿದ್ದು ನಮ್ಮ ಜೊತೆ ಲೈಟ್ ಕೆಲಸಕ್ಕೆ ಬರೋ ಒಬ್ಬ ಹುಡುಗನಿಂದ. ವಯಸ್ಸು 27. ಚುನಾವಣೆ ಕವರೇಜ್‌ಗೆ ಹೋದಾಗ ಒಂದು ಮೆಸ್ಸಿನಲ್ಲಿ ಊಟಕ್ಕೆ ಕೂತಿದ್ವಿ. ಇವನು ಮುದ್ದೆಯನ್ನು ನೆಲ್ಲಿಕಾಯಿ ಗಾತ್ರಕ್ಕೆ ಮುರಿದು ಮುರಿದು ಬಾಯಿಗೆ ಹಾಕ್ಕೊಳ್ತಿದ್ದ. ಸಾರು ಮುಟ್ಟಲಿಲ್ಲ, ಮಜ್ಜಿಗೆಯಲ್ಲೇ ಅದ್ದಿಕೊಂಡ. ಹಲ್ಲುನೋವೇನೋ ಅಂದ್ಕೊಂಡೆ. ಕೇಳಿದ್ರೆ, 'ಖಾರ ತಾಗಿದ್ರೆ ಬಾಯೆಲ್ಲಾ ಉರಿಯುತ್ತೆ ಅಣ್ಣ, ಒಂದು ವರ್ಷದಿಂದ ಹಿಂಗೇ' ಅಂದ. ಊಟ ಆದ ಮೇಲೆ ಜೇಬಿಂದ ಎಲೆ ಅಡಿಕೆ ತೆಗೆದ. ದಿನಕ್ಕೆ ಎಂಟು ಹತ್ತು ಸಲ, ಆರು ವರ್ಷದ ಅಭ್ಯಾಸ. ನಾನು ಮುಖ ನೋಡಿದ್ದಕ್ಕೆ ಅವನೇ ಸಮಾಧಾನ ಹೇಳಿದ: 'ಹೊಗೆಸೊಪ್ಪು ಮುಟ್ಟಲ್ಲ ಅಣ್ಣ. ಬರೀ ಎಲೆ, ಅಡಿಕೆ, ಸುಣ್ಣ. ಎಲೆ ಔಷಧಿ ಅಲ್ವಾ?'

ಎಲೆ ಔಷಧಿ ಅನ್ನೋ ಮಾತು ಗಾಳಿಯಿಂದ ಬಂದಿದ್ದಲ್ಲ. ನಮ್ಮ ಅಜ್ಜಿ ವೀಳ್ಯದೆಲೆಗೆ ಹರಳೆಣ್ಣೆ ಸವರಿ, ದೀಪದ ಮೇಲೆ ಹಿಡಿದು ಬಾಡಿಸಿ, ತನ್ನ ಮಣಿಕಟ್ಟಿಗೆ ಒತ್ತಿ ಬಿಸಿ ನೋಡಿಕೊಂಡು, ಶೀತವಾದ ಮಗುವಿನ ಎದೆ ಮೇಲೆ ಹಾಸುತ್ತಿದ್ದಳು. ಕೆಮ್ಮಾದರೆ ನಮಗೆ ಎಲೆಯೊಳಗೆ ಎರಡು ಕಾಳುಮೆಣಸು, ಒಂದು ಹರಳು ಉಪ್ಪು ಮಡಚಿ ಜಗಿಯೋಕೆ ಕೊಡುತ್ತಿದ್ದಳು. ಎಲೆಯಲ್ಲಿ ಯುಜೆನಾಲ್ ಇದೆ, ಲವಂಗದಲ್ಲಿರೋ ಅದೇ ಪದಾರ್ಥ. ಎಲೆಯ ರಸ ಬ್ಯಾಕ್ಟೀರಿಯಾ ತಡೆಯುತ್ತೆ ಅಂತ ಪ್ರಯೋಗಾಲಯದಲ್ಲೂ ಕಂಡಿದೆ. ಆದರೆ ಗಾಜಿನ ತಟ್ಟೆಯಲ್ಲಿ ಕಂಡಿದ್ದು ಮನುಷ್ಯನ ಕಾಯಿಲೆ ವಾಸಿಮಾಡುತ್ತೆ ಅಂತ ಹೇಳೋಕೆ ಸಾಲದು. ಅಜ್ಜಿಯ ಬಿಸಿ ಎಲೆಯಿಂದ ಮಗುವಿಗೆ ಹಿತ ಆಗುತ್ತೆ, ಅಷ್ಟೇ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗು ನಿಮಿಷಕ್ಕೆ 50 ಸಲ ಅಥವಾ ಅದಕ್ಕಿಂತ ಹೆಚ್ಚು ಉಸಿರಾಡ್ತಿದ್ರೆ, ಉಸಿರೆಳೆಯುವಾಗ ಪಕ್ಕೆ ಒಳಗೆ ಹೋಗ್ತಿದ್ರೆ, ಎಲೆ ಬಿಟ್ಟು ಆಸ್ಪತ್ರೆಗೆ ಓಡಬೇಕು. ಇನ್ನೊಂದು, ಎಲೆಯ ರಸಕ್ಕೆ ಜೇನು ಬೆರೆಸಿ ನೆಕ್ಕಿಸೋರಿದ್ದಾರೆ. ವರ್ಷ ತುಂಬದ ಮಗುವಿಗೆ ಜೇನು ಬೇಡವೇ ಬೇಡ.

ಈಗ ಗಮನಿಸಿ. ಅಜ್ಜಿಯ ಈ ಎರಡು ಮದ್ದಿನಲ್ಲೂ ಅಡಿಕೆ ಎಲ್ಲಿತ್ತು? ಇರಲೇ ಇಲ್ಲ. ನಮ್ಮ ಹುಡುಗ ಮಾಡಿದ ಎಡವಟ್ಟು ಅದೇ. ಎಲೆಗೆ ಸಿಕ್ಕ ಒಳ್ಳೇ ಹೆಸರನ್ನ, ಎಲೆಯೊಳಗೆ ಮಡಚಿಟ್ಟಿದ್ದಕ್ಕೆಲ್ಲಾ ಹಂಚಿಬಿಟ್ಟ.

ಅವನನ್ನು ದಂತವೈದ್ಯರ ಹತ್ತಿರ ಕಳಿಸಿದ್ವಿ. ಬಾಯಿಗೆ ಎರಡೇ ಬೆರಳು ಹೋಗ್ತಿತ್ತು. ಕೆನ್ನೆಯ ಒಳಗಡೆ ಗುಲಾಬಿ ಬಣ್ಣ ಹೋಗಿ ಬಿಳಿಚಿಕೊಂಡಿತ್ತು, ಬೆರಳಿಟ್ಟು ಸವರಿದರೆ ಹಗ್ಗದ ಎಳೆ ಥರ ಗಟ್ಟಿ ಪಟ್ಟಿಗಳು ಸಿಗ್ತಿದ್ವು. ಕಾಯಿಲೆಯ ಹೆಸರು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಸುಟ್ಟ ಗಾಯ ಮಾಗಿದ ಮೇಲೆ ಚರ್ಮ ಬಿಗಿಯುತ್ತಲ್ಲ, ಆ ಥರ ಬಾಯೊಳಗಿನ ಪದರ ಬಿಗಿಯುತ್ತಾ ಹೋಗುತ್ತೆ. ಇದಕ್ಕೆ ಮುಖ್ಯ ಕಾರಣ ಅಡಿಕೆ, ಹೊಗೆಸೊಪ್ಪಲ್ಲ. ಅಡಿಕೆಯಲ್ಲಿರೋ ಅರೆಕೋಲಿನ್ ಅನ್ನೋ ಪದಾರ್ಥ ಕೆನ್ನೆಯ ಜೀವಕೋಶಗಳಿಂದ ಕೊಲಾಜನ್ ಅನ್ನೋ ನಾರನ್ನ ಅತಿಯಾಗಿ ಹೆಣೆಸುತ್ತೆ. ಅಡಿಕೆಯಲ್ಲಿ ತಾಮ್ರದ ಅಂಶವೂ ಜಾಸ್ತಿ, ಅದು ಆ ನಾರುಗಳನ್ನ ಒಂದಕ್ಕೊಂದು ಬಿಗಿಯಾಗಿ ಬೆಸೆಯೋಕೆ ನೆರವಾಗುತ್ತೆ. ಬೆಸೆದ ನಾರು ಸುಲಭಕ್ಕೆ ಕರಗಲ್ಲ.

ಹಾಗಾದರೆ ಸುಣ್ಣ? ಇಂಜಿನಿಯರಿಂಗ್‌ನಲ್ಲಿ ಓದಿದ ಕೆಮಿಸ್ಟ್ರಿ ನನಗೆ ಉಪಯೋಗಕ್ಕೆ ಬಂದಿದ್ದು ಇಲ್ಲೊಂದೇ ಕಡೆ. ಅರೆಕೋಲಿನ್, ನಿಕೋಟಿನ್ ಎರಡೂ ಮಾಮೂಲಿ ಜೊಲ್ಲಿನಲ್ಲಿ ಬಹುಪಾಲು ವಿದ್ಯುದಂಶ ಹೊತ್ತುಕೊಂಡೇ ಇರುತ್ತವೆ, ಆ ರೂಪದಲ್ಲಿ ಕೆನ್ನೆಯ ಪದರ ದಾಟೋದು ಅವಕ್ಕೆ ಕಷ್ಟ. ಸುಣ್ಣ ಬಿದ್ದ ತಕ್ಷಣ ಜೊಲ್ಲು ಕ್ಷಾರವಾಗುತ್ತೆ, ಅಂಶ ಕಳಚಿಹೋಗುತ್ತೆ, ಸಲೀಸಾಗಿ ಒಳಗೆ ನುಗ್ಗುತ್ತವೆ. 'ಸುಣ್ಣ ಹೆಚ್ಚಾದ್ರೆ ಕಿಕ್ ಜಾಸ್ತಿ' ಅಂತ ಜಗಿಯೋರು ಹೇಳೋದು ಸುಳ್ಳಲ್ಲ. ಸುಣ್ಣ ಬಾಯೊಳಗಿನ ಚರ್ಮವನ್ನ ಸುಡುತ್ತೆ ಕೂಡ, ಅದು ಇನ್ನೊಂದು ಬಾಗಿಲು. ಇದಕ್ಕೆ ಹೊಗೆಸೊಪ್ಪೋ ಕಡ್ಡಿಪುಡಿಯೋ ಸೇರಿದ್ರೆ, ಅದರಲ್ಲಿರೋ ನೈಟ್ರೋಸಮೀನ್ ಅನ್ನೋ ಕ್ಯಾನ್ಸರ್‌ಕಾರಕಗಳೂ ಅದೇ ಬಾಗಿಲಲ್ಲಿ ಬರುತ್ತವೆ. ನಿಕೋಟಿನ್ ಮನುಷ್ಯನನ್ನ ಕಟ್ಟಿಹಾಕುತ್ತೆ. ಅಡಿಕೆಗೂ ಚಟ ಹಿಡಿಸೋ ಗುಣ ಇದೆ ಅನ್ನೋದನ್ನ ಮಾತ್ರ ನಾವು ಮರೆತುಬಿಡ್ತೀವಿ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ತಂಬಾಕು ಸೇರಿದ ಎಲೆಅಡಿಕೆ ಕ್ಯಾನ್ಸರ್ ತರುತ್ತೆ ಅಂತ ಹೇಳಿತ್ತು. 2004ರಲ್ಲಿ ಪ್ರಕಟವಾದ ವರದಿಯಲ್ಲಿ, ತಂಬಾಕು ಇಲ್ಲದ ಎಲೆಅಡಿಕೆಯೂ ತರುತ್ತೆ, ಬರೀ ಅಡಿಕೆಯೂ ಮನುಷ್ಯನಿಗೆ ಕ್ಯಾನ್ಸರ್‌ಕಾರಕ ಅಂತ ಹೇಳಿತು. ಇದನ್ನ ಹೇಳಿದಾಗೆಲ್ಲಾ ಮಲೆನಾಡಿಂದ ನನಗೆ ಫೋನ್ ಬರುತ್ತೆ. 'ನಮ್ಮಜ್ಜ ದಿನಾ ಕವಳ ಹಾಕಿ ತೊಂಬತ್ತು ವರ್ಷ ಬದುಕಿದ್ರು ಕಣ್ರೀ!' ಬದುಕಿರಬಹುದು, ಜಗಿದವರಿಗೆಲ್ಲಾ ಬರುತ್ತೆ ಅಂತ ಯಾರೂ ಹೇಳಿಲ್ಲ. ಎಷ್ಟು ಜಗಿತೀರಿ, ಎಷ್ಟು ವರ್ಷ ಜಗಿತೀರಿ, ಕೆನ್ನೆಯಲ್ಲಿ ಎಷ್ಟು ಹೊತ್ತು ಒತ್ತಿ ಇಟ್ಕೋತೀರಿ ಅನ್ನೋದರ ಮೇಲೆ ಅಪಾಯ ಏರುತ್ತೆ. ಅಡಿಕೆ ಬೆಳೆಗಾರರ ಬದುಕಿನ ಪ್ರಶ್ನೆ ದೊಡ್ಡದು, ಅದಕ್ಕೆ ಇನ್ನೊಂದು ದಿನ ಪೂರ್ತಿ ಕಾರ್ಯಕ್ರಮ ಮಾಡೋಣ. ಆದರೆ ಆ ಕಾರಣಕ್ಕೆ ಬಾಯಿ ಬಿಗಿದವನಿಗೆ ಸುಳ್ಳು ಹೇಳೋಕಾಗಲ್ಲ.

2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯ್ತು. ಆಮೇಲೆ ಏನಾಯ್ತು, ಯಾವ ಬೀಡಾ ಅಂಗಡಿ ಮುಂದೆ ನಿಂತರೂ ಕಾಣುತ್ತೆ: ಪಾನ್ ಮಸಾಲಾದ್ದೊಂದು ಪೊಟ್ಟಣ, ತಂಬಾಕಿನದ್ದೊಂದು ಪೊಟ್ಟಣ. ಎರಡೂ ಬಾಯಲ್ಲಿ ಸೇರುತ್ತವೆ.

ಮನೆಯಲ್ಲಿ ಜಗಿಯೋರಿದ್ರೆ ನೋಡಬೇಕಾದ್ದು ಇಷ್ಟು. ಖಾರಕ್ಕೆ ಹೊಸದಾಗಿ ಉರಿ ಶುರುವಾಗಿದೆಯಾ? ಕೆನ್ನೆಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ ಇದೆಯಾ? ಎರಡು ವಾರ ಕಳೆದರೂ ಮಾಗದ ಹುಣ್ಣು, ಬಾಯಲ್ಲಿ ಗಂಟು? ನೋವಿಲ್ಲ ಅಂತ ಸುಮ್ಮನಿರಬೇಡಿ, ಶುರುವಿನಲ್ಲಿ ಕ್ಯಾನ್ಸರ್‌ಗೆ ನೋವಿರದೇ ಇರಬಹುದು. ದಂತವೈದ್ಯರು ಬೆಳಕು ಹಾಕಿ ನೋಡೋಕೆ ಐದು ನಿಮಿಷ ಸಾಕು. ಅನುಮಾನ ಬಂದರೆ ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳಿಸ್ತಾರೆ. ತಂಬಾಕು ಬಿಡೋಕೆ ಸಹಾಯ ಬೇಕಾದೋರಿಗೆ ಸರ್ಕಾರದ ಉಚಿತ ಸಹಾಯವಾಣಿ ಇದೆ, 1800-11-2356, ಪರದೆ ಮೇಲೂ ಬರ್ತಿದೆ.

ನಮ್ಮ ಹುಡುಗ ಅಡಿಕೆ ಬಿಟ್ಟು ಎಂಟು ತಿಂಗಳಾಯ್ತು. ಕೆನ್ನೆಗೆ ಚುಚ್ಚುಮದ್ದು ಹಾಕಿಸಿಕೊಂಡಿದ್ದಾನೆ, ದಿನಾ ಬಾಯಿ ತೆರೆಯೋ ವ್ಯಾಯಾಮ ಮಾಡ್ತಾನೆ. ಪೂರ್ತಿ ಮೊದಲಿನ ಹಾಗಾಗೋದು ಕಷ್ಟ, ಇನ್ನೂ ವರ್ಷಗಟ್ಟಲೆ ತಪಾಸಣೆಗೆ ಬರ್ತಾ ಇರಬೇಕು ಅಂತ ಡಾಕ್ಟರ್ ನೇರವಾಗೇ ಹೇಳಿದ್ದಾರೆ. ಪ್ರತಿ ತಿಂಗಳು ಒಂದನೇ ತಾರೀಕು ಕನ್ನಡಿ ಮುಂದೆ ನಿಂತು ಸ್ಟೀಲ್ ಸ್ಕೇಲ್ ಹಿಡಿದು ಅಳತೆ ನೋಡ್ತಾನೆ. ಮೊದಲ ದಿನ 24 ಮಿಲಿಮೀಟರ್ ಇತ್ತು, ಈ ತಿಂಗಳು 28. ಉರಿ ಕಡಿಮೆಯಾಗಿದೆ, ಸಾರು ಹಾಕಿಸ್ಕೊಳ್ತಾನೆ. ಮುದ್ದೆ ಮಾತ್ರ ಇನ್ನೂ ನೆಲ್ಲಿಕಾಯಿ ಗಾತ್ರದ್ದೇ.