ರಾಸ್‌ಗೆ ಒಂದು ಪೆಟ್ಟು, ಆರ್‌ಬಿಗೆ ಎರಡು

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಎಂಟೆಕ್ ಮಾಡಿ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋನು, ಮನೆ ಕೋಥರೂಡದಲ್ಲಿ. ಈ ವಿಷಯ ಓದೋ ಹಾಗಾಗಿದ್ದು ನನ್ನ ತಂಗಿಯ ಮಗನಿಂದ.

ಎರಡು ವರ್ಷದ ಹುಡುಗ. ಹುಟ್ಟುಹಬ್ಬದ ಫೋಟೋದಲ್ಲಿ ಫ್ಲ್ಯಾಷ್ ಬಿದ್ದಾಗ ಒಂದು ಕಣ್ಣಿನ ಪಾಪೆ ಕೆಂಪಗೆ, ಇನ್ನೊಂದು ಬೆಳ್ಳಗೆ ಕಾಣ್ತು. ಪರೀಕ್ಷೆ ಮಾಡಿಸಿದರೆ ರೆಟಿನೊಬ್ಲಾಸ್ಟೋಮಾ, ಅಂದರೆ ಕಣ್ಣಿನ ಅಕ್ಷಿಪಟದ ಕ್ಯಾನ್ಸರ್. ತಂಗಿ ಮದುವೆಯಾಗಿದ್ದು ನಮ್ಮ ಸೋದರಮಾವನ ಮಗನನ್ನೇ. ಧಾರವಾಡದಿಂದ ಅಜ್ಜಿ ಫೋನ್ ಮಾಡಿ, "ಸಂಬಂಧದಾಗ ಮದುವಿ ಬ್ಯಾಡಂತ ಬಡಕೊಂಡೆ, ಯಾರು ಕೇಳಿದ್ರಿ?" ಅಂದರು. ತಂಗಿ ಅವತ್ತಿನಿಂದ ಊಟ ಬಿಟ್ಟಳು. ಅಜ್ಜಿಯ ಮಾತು ನಿಜವಾ? ಅದನ್ನ ತಿಳಿಯೋಕೆ ಎರಡು ಜೀನ್‌ಗಳನ್ನು ನೋಡಬೇಕು.

ಮೊದಲು ರಾಸ್. ಹೊರಗಿಂದ "ಬೆಳೆ" ಅನ್ನೋ ಸೂಚನೆ ಬಂದಾಗ ಈ ಪ್ರೋಟೀನ್ ಜಿಟಿಪಿ ಅನ್ನೋ ಅಣುವನ್ನು ಹಿಡಿದುಕೊಂಡು ಆನ್ ಆಗುತ್ತೆ. ಆಮೇಲೆ ಅದೇ ಜಿಟಿಪಿಯನ್ನು ಒಡೆದು ತಾನೇ ಆಫ್ ಆಗುತ್ತೆ. 1982ರಲ್ಲಿ ಮೂತ್ರಕೋಶದ ಕ್ಯಾನ್ಸರ್ ಕೋಶಗಳಲ್ಲಿ ಇದರ 12ನೇ ಜಾಗದಲ್ಲಿ ಒಂದೇ ಅಕ್ಷರ ಬದಲಾಗಿದ್ದು ಸಿಕ್ಕಿತು:

```
GGC
GTC
```

ಇಷ್ಟೇ ಡಿಫ್. ಗ್ಲೈಸಿನ್ ಇದ್ದ ಕಡೆ ವ್ಯಾಲಿನ್ ಬಂತು, ಜಿಟಿಪಿ ಒಡೆಯೋದು ಹೆಚ್ಚು ಕಡಿಮೆ ನಿಂತೇಹೋಯಿತು. ನಮ್ಮಲ್ಲಿ ಪ್ರತಿ ಜೀನ್‌ಗೂ ಎರಡು ಪ್ರತಿ ಇರುತ್ತೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಆದರೆ ಒಂದು ಪ್ರತಿ ಕೂಗ್ತಾನೇ ಇದ್ದರೆ ಇನ್ನೊಂದು ಸುಮ್ಮನಿದ್ದು ಏನು ಉಪಯೋಗ? ಹೀಗೆ ಒಂದೇ ಪ್ರತಿ ಕೆಟ್ಟರೂ ಕೋಶವನ್ನು ಬೆಳವಣಿಗೆಗೆ ತಳ್ಳೋ ಜೀನ್‌ಗೆ ಆಂಕೊಜೀನ್ ಅಂತಾರೆ.

ಆರ್‌ಬಿ ಇದಕ್ಕೆ ಉಲ್ಟಾ. ಕೋಶ ತನ್ನ ಡಿಎನ್‌ಎ ನಕಲು ಮಾಡೋಕೆ ಬೇಕಾದ ಜೀನ್‌ಗಳನ್ನು ಶುರುಮಾಡೋದು ಇ2ಎಫ್ ಅನ್ನೋ ಪ್ರೋಟೀನ್. ಆರ್‌ಬಿ ಅದನ್ನು ಹಿಡಿದಿಟ್ಟುಕೊಂಡಿರುತ್ತೆ, ಸರಿಯಾದ ಸೂಚನೆ ಬಂದಾಗ ಮಾತ್ರ ಬಿಡುತ್ತೆ. ಇದರ ಒಂದು ಪ್ರತಿ ಕೆಟ್ಟರೆ ಇನ್ನೊಂದು ಕೆಲಸ ನಿಭಾಯಿಸುತ್ತೆ, ನಮ್ಮ ಎರಡು ಸರ್ವರ್ ಇಟ್ಟ ಹಾಗೆ. ಎರಡೂ ಬಿದ್ದರೆ ಮಾತ್ರ ತಡೆ ಹೋಗೋದು. ಇಂಥದ್ದನ್ನು ಗಡ್ಡೆ ತಡೆಯೋ ಜೀನ್ ಅಂತಾರೆ.

1971ರಲ್ಲಿ, ಈ ಜೀನ್ ಯಾವುದು ಅಂತ ಗೊತ್ತಾಗೋಕೆ 15 ವರ್ಷ ಮೊದಲೇ, ಆಲ್ಫ್ರೆಡ್ ನಡ್ಸನ್ ಅನ್ನೋ ಡಾಕ್ಟರ್ ಬರೀ 48 ಮಕ್ಕಳ ದಾಖಲೆ ನೋಡಿ ಈ ಎರಡು ಪೆಟ್ಟಿನ ಲೆಕ್ಕ ಹಾಕಿದರು. ಎರಡೂ ಕಣ್ಣಿಗೆ ರೋಗ ಬಂದ ಮಕ್ಕಳಲ್ಲಿ ಅದು ಚಿಕ್ಕ ವಯಸ್ಸಲ್ಲೇ ಬರ್ತಿತ್ತು, ಒಂದೇ ಕಣ್ಣಾದರೆ ತಡವಾಗಿ.

ಯಾಕೆ ಅಂತ ಒಂದು ಒರಟು ಲೆಕ್ಕ ಹಾಕೋಣ. ಬೆಳೆಯೋ ಅಕ್ಷಿಪಟದಲ್ಲಿ ಒಂದು ಕೋಟಿ ಕೋಶ, ಒಂದು ಪ್ರತಿ ಕೆಡೋ ಸಾಧ್ಯತೆ ಹತ್ತು ಲಕ್ಷದಲ್ಲಿ ಒಂದು ಅಂತ ಇಟ್ಟುಕೊಳ್ಳಿ. ಹುಟ್ಟುವಾಗಲೇ ಎಲ್ಲ ಕೋಶದಲ್ಲೂ ಒಂದು ಪ್ರತಿ ಕೆಟ್ಟಿದ್ದರೆ ಇನ್ನೊಂದು ಪೆಟ್ಟು ಸಾಕು, ಸುಮಾರು ಹತ್ತು ಕೋಶಕ್ಕೆ ಅದು ಬಿದ್ದೇ ಬೀಳುತ್ತೆ. ಎರಡೂ ಪ್ರತಿ ಚೆನ್ನಾಗಿದ್ದರೆ ಒಂದೇ ಕೋಶಕ್ಕೆ ಎರಡು ಪೆಟ್ಟು ಬೀಳಬೇಕು, ಅದು ಲಕ್ಷ ಮಕ್ಕಳಲ್ಲಿ ಒಂದಕ್ಕೆ. ನಿಜದಲ್ಲಿ ಈ ರೋಗ ಇದಕ್ಕಿಂತ ಹೆಚ್ಚು, ಯಾಕಂದ್ರೆ ಎರಡನೇ ಪೆಟ್ಟು ಸುಲಭ: ಕೋಶ ಒಡೆಯುವಾಗ ಒಳ್ಳೆ ಪ್ರತಿ ಇದ್ದ ಕ್ರೋಮೊಸೋಮ್ ತುಂಡೇ ಕಳೆದುಹೋಗಬಹುದು.

ಈಗ ಅಜ್ಜಿಯ ಮಾತು. ಸಂಬಂಧದ ಮದುವೆಯಲ್ಲಿ ಭಯ ಏನಂದ್ರೆ, ಒಂದೇ ಕೆಟ್ಟ ಪ್ರತಿ ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಮಗುವಿಗೆ ಬರೋದು. ಆರ್‌ಬಿಯಲ್ಲಿ ಹಾಗಾಗಲ್ಲ. 1992ರಲ್ಲಿ ಇಲಿಗಳಲ್ಲಿ ನೋಡಿದರು: ಎರಡೂ ಪ್ರತಿ ಇಲ್ಲದ ಮರಿ ಹೊಟ್ಟೆಯಲ್ಲೇ ಸಾಯುತ್ತೆ. ಮಗುವಿಗೆ ಬರೋದು ಒಂದೇ ಕೆಟ್ಟ ಪ್ರತಿ, ಅದಕ್ಕೆ ಅಪ್ಪ ಅಥವಾ ಅಮ್ಮ ಯಾರಾದರೂ ಒಬ್ಬರು ಸಾಕು. ಎರಡನೇ ಪೆಟ್ಟು ಬೀಳೋದು ಕಣ್ಣಿನ ಒಳಗೆ. ನನಗೆ ತುಂಬಾ ಗೊಂದಲ ಆಗಿದ್ದು ಇಲ್ಲೇ. ಕೋಶದ ಲೆಕ್ಕಕ್ಕೆ ಎರಡೂ ಕೆಡಬೇಕು, ಮನೆತನದ ಲೆಕ್ಕಕ್ಕೆ ಒಂದು ಸಾಕು.

ಹುಡುಗನ ಕಣ್ಣು ತೆಗೀಬೇಕಾಯಿತು. ಆ ಗಡ್ಡೆಯನ್ನೇ ಪರೀಕ್ಷೆಗೆ ಕಳಿಸಿದರು. ಮೊದಲು ಗಡ್ಡೆಯಲ್ಲಿ ಎರಡು ದೋಷ ಯಾವುವು ಅಂತ ಹಿಡಿದು, ಆಮೇಲೆ ಅವು ರಕ್ತದಲ್ಲಿ ಇವೆಯಾ ಅಂತ ಹುಡುಕೋದು ಕ್ರಮ. ಒಂದೇ ಕಣ್ಣಿಗೆ ಬಂದ ಮಕ್ಕಳಲ್ಲಿ ನೂರಕ್ಕೆ ಸುಮಾರು 15 ಮಂದಿಗೆ ಮಾತ್ರ ದೋಷ ಇಡೀ ದೇಹದಲ್ಲಿ ಇರುತ್ತೆ. ಇವನಿಗೆ ಇತ್ತು. ತಂಗಿಗೂ ಭಾವನಿಗೂ ರಕ್ತ ಪರೀಕ್ಷೆ ಮಾಡಿದರು, ಇಬ್ಬರಲ್ಲೂ ಇಲ್ಲ. ಅಂದರೆ ಹೆಚ್ಚಾಗಿ ಇದು ಹೊಸದಾಗಿ ಆದ ದೋಷ. ಇಂಥವು ಬಹುಪಾಲು ಅಪ್ಪನ ವೀರ್ಯಾಣುವಿನಲ್ಲಿ ಆಗುತ್ತವೆ, ಮದುವೆ ಯಾರ ಜೊತೆ ಆದರೂ.

ಹಾಗಂತ ಕಥೆ ಮುಗೀಲಿಲ್ಲ. ಇನ್ನೊಂದು ಕಣ್ಣಿನಲ್ಲೂ ಪ್ರತಿ ಕೋಶ ಈಗ ಒಂದೇ ಸರ್ವರ್ ಮೇಲೆ ನಡೀತಿದೆ. ಅದಕ್ಕೇ ಕೆಲವು ವಾರಕ್ಕೊಮ್ಮೆ ಮಂಪರು ಕೊಟ್ಟು ಆ ಕಣ್ಣು ನೋಡ್ತಾರೆ. ರಕ್ತದಲ್ಲಿ ಕಾಣದ ದೋಷ ಅಪ್ಪ ಅಮ್ಮನ ಕೆಲವೇ ಕೋಶಗಳಲ್ಲಿ ಅಡಗಿರಬಹುದು. ಹಾಗಾಗಿ ನಾಲ್ಕು ತಿಂಗಳ ತಂಗಿಗೂ ರಕ್ತ ಪರೀಕ್ಷೆಗೆ ಕೊಟ್ಟಿದ್ದಾರೆ. ರಿಪೋರ್ಟ್ ಇನ್ನೂ ಬರಬೇಕು. ಅಜ್ಜಿ ದಿನಾ ಸಂಜೆ ಫೋನ್ ಮಾಡಿ, "ಬಂತೇನೋ?" ಅಂತ ಕೇಳ್ತಾರೆ.